ಶ್ವಾಸಕೋಶದಲ್ಲೊಂದು ಗಂಟು: ಕಾಯಬೇಕಾ, ಸೂಜಿ ಹಾಕಿಸಬೇಕಾ?

(ಹಿರಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಓಪಿಡಿಗೆ ಬರುವ ಎಷ್ಟೋ ಜನರ ಕೈಯಲ್ಲಿ ಒಂದು ಸಿಟಿ ರಿಪೋರ್ಟ್ ಇರುತ್ತದೆ. ಅದರ ಕೊನೆಯ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ಶ್ವಾಸಕೋಶದಲ್ಲಿ ಇಷ್ಟು ಮಿಲಿಮೀಟರಿನ ಒಂದು ನಾಡ್ಯೂಲ್ ಇದೆ ಎಂದು ಆ ಸಾಲು ಹೇಳುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಿರುವುದಿಲ್ಲ. ಕೆಲವರು ಕುರ್ಚಿಯಲ್ಲಿ ಕೂರುವ ಮೊದಲೇ "ಡಾಕ್ಟ್ರೇ, ಇವತ್ತೇ ತೆಗೆದುಬಿಡಿ" ಅನ್ನುತ್ತಾರೆ. ಇನ್ನು ಕೆಲವರು "ಕೆಮ್ಮಿಲ್ಲ, ಜ್ವರ ಇಲ್ಲ, ಚೆನ್ನಾಗೇ ಇದೀನಿ, ಇದನ್ನ ಬಿಟ್ಟುಬಿಡೋಣ ಅಲ್ವಾ?" ಎಂದು ಕೇಳುತ್ತಾರೆ. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ಆದರೆ ಈ ಎರಡರಲ್ಲಿ ಯಾವುದನ್ನೂ ಮೊದಲ ದಿನ ಒಪ್ಪಲು ಆಗುವುದಿಲ್ಲ. ಯಾಕೆ ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ಎಲ್ಲ ಬಗೆಯ ಗಂಟುಗಳ ಬಗ್ಗೆಯೂ ಸ್ವಲ್ಪ ಸ್ವಲ್ಪ ಹೇಳುವ ಬದಲು ಒಂದೇ ಉದಾಹರಣೆ ತೆಗೆದುಕೊಳ್ಳೋಣ. ಇದು ಒಬ್ಬರೇ ರೋಗಿಯ ಕಥೆಯಲ್ಲ. ನಾವು ದಿನಾ ನೋಡುವಂಥದ್ದನ್ನು ಸೇರಿಸಿ ಕಟ್ಟಿದ ಉದಾಹರಣೆ. ಹಾಸನದ ಕಡೆಯ ಹಳ್ಳಿಯ ಒಬ್ಬ ಅಮ್ಮ, ವಯಸ್ಸು 58. ಮಗನ ಸ್ಕೂಟರಿನಿಂದ ಬಿದ್ದರು. ಪಕ್ಕೆಲುಬು ಮುರಿದಿದೆಯಾ ನೋಡಲು ಎದೆಯ ಸಿಟಿ ಮಾಡಿಸಿದರು. ಪಕ್ಕೆಲುಬು ಚೆನ್ನಾಗಿತ್ತು. ಆದರೆ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 9 ಮಿಲಿಮೀಟರಿನ ಗಟ್ಟಿ ಗಂಟು ಕಂಡಿತು. ಅವರು ಯಾವತ್ತೂ ಬೀಡಿ ಸೇದಿದವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆಯ ಮುಂದೆ ಅಡುಗೆ ಮಾಡಿದವರು, ಗ್ಯಾಸ್ ಬಂದದ್ದು ಈಚೆಗೆ. ಚಿಕ್ಕವರಿದ್ದಾಗ ಅವರ ಅಣ್ಣನಿಗೆ ಟಿಬಿ ಆಗಿತ್ತು.

ಸುತ್ತಲೂ ಗಾಳಿ ತುಂಬಿದ ಶ್ವಾಸಕೋಶವೇ ಇದ್ದು, ನಡುವೆ ಒಂದೇ ಒಂದು ದುಂಡನೆಯ ಗಂಟು, ಅಳತೆ 3 ಸೆಂಟಿಮೀಟರಿನೊಳಗೆ ಇದ್ದರೆ ಅದನ್ನು ನಾವು ಒಂಟಿ ನಾಡ್ಯೂಲ್ ಅನ್ನುತ್ತೇವೆ. 3 ಸೆಂಟಿಮೀಟರ್ ದಾಟಿದರೆ ಲೆಕ್ಕವೇ ಬೇರೆ. ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತುಂಬಾ ಜಾಸ್ತಿ, ಆಗ ಕಾಯುವ ಮಾತು ಬರುವುದಿಲ್ಲ. ಆದರೆ ಇಂಥ ಸಣ್ಣ ಗಂಟು ಹಳೆಯ ಟಿಬಿಯ ಗಾಯದ ಗುರುತಾಗಿರಬಹುದು. ಈಗ ನಡೆಯುತ್ತಿರುವ ಟಿಬಿಯೂ ಆಗಿರಬಹುದು. ಹ್ಯಾಮಾರ್ಟೋಮಾ ಎಂಬ ನಿರಪಾಯದ ಗಡ್ಡೆ ಆಗಿರಬಹುದು. ಆಗಷ್ಟೇ ಶುರುವಾದ ಕ್ಯಾನ್ಸರ್ ಕೂಡ ಆಗಿರಬಹುದು. ಒಂದೇ ಒಂದು ಸಿಟಿ ನೋಡಿ ಇವನ್ನೆಲ್ಲ ಬೇರ್ಪಡಿಸಲು ಬಹಳ ಸಲ ಆಗುವುದಿಲ್ಲ.

ಆದರೂ ಚಿತ್ರವನ್ನು ಮೊದಲು ಸರಿಯಾಗಿ ನೋಡಬೇಕು. ಎರಡು ವಿಷಯ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಒಂದು, ಗಂಟಿನೊಳಗೆ ಸುಣ್ಣ ಕಟ್ಟಿರುವ ರೀತಿ. ಗಂಟಿನ ತುಂಬಾ ಸಮನಾಗಿ, ಅಥವಾ ನಟ್ಟನಡುವೆ, ಅಥವಾ ಪದರ ಪದರವಾಗಿ ಸುಣ್ಣ ಕಟ್ಟಿದ್ದರೆ ಅದು ಹಳೆಯ ಸೋಂಕು ಮಾಗಿದ ಗುರುತು. ಒಂದು ಅಂಚಿನಲ್ಲಿ ಮಾತ್ರ ಚುಕ್ಕೆ ಚುಕ್ಕೆ ಸುಣ್ಣ ಇದ್ದರೆ ಈ ಸಮಾಧಾನ ಇಲ್ಲ, ಯಾಕೆಂದರೆ ಹಳೆಯ ಗಾಯದ ಪಕ್ಕದಲ್ಲಿ ಬೆಳೆದ ಕ್ಯಾನ್ಸರ್ ಆ ಸುಣ್ಣವನ್ನು ಒಳಗೆ ಸೇರಿಸಿಕೊಂಡಿರಬಹುದು. ಎರಡನೆಯದು, ಗಂಟಿನೊಳಗೆ ಕೊಬ್ಬು. ನಯವಾದ ಅಂಚಿನ ಸಣ್ಣ ಗಂಟಿನಲ್ಲಿ ಕೊಬ್ಬು ಸ್ಪಷ್ಟವಾಗಿ ಕಂಡರೆ ಅದು ಬಹುಪಾಲು ಹ್ಯಾಮಾರ್ಟೋಮಾ. ನಮ್ಮ ಅಮ್ಮನ ಗಂಟಿನಲ್ಲಿ ಸುಣ್ಣವೂ ಇರಲಿಲ್ಲ, ಕೊಬ್ಬೂ ಇರಲಿಲ್ಲ. ಅಂಚು ಮುಳ್ಳು ಮುಳ್ಳಾಗಿರಲಿಲ್ಲ, ಸ್ವಲ್ಪ ಉಬ್ಬುತಗ್ಗಾಗಿತ್ತು.

ಮುಂದಿನ ಪ್ರಶ್ನೆಗೆ ಕಾಸು ಖರ್ಚಿಲ್ಲ. "ಹಳೇ ಸಿಟಿ ಏನಾದ್ರೂ ಇದೆಯಾ?" ಕೋವಿಡ್ ಸಮಯದಲ್ಲಿ ಎಷ್ಟೋ ಜನ ಎದೆಯ ಸಿಟಿ ಮಾಡಿಸಿದ್ದಾರೆ. ಆ ಸಿಡಿ ಬೀರುವಿನಲ್ಲಿ ಎಲ್ಲೋ ಬಿದ್ದಿರುತ್ತದೆ, ಹುಡುಕಿ ತನ್ನಿ. ಆಗಲೂ ಇದೇ ಗಂಟು ಇದೇ ಅಳತೆಯಲ್ಲಿ ಇದ್ದರೆ ಇವತ್ತೇ ನಿಮ್ಮನ್ನು ನೆಮ್ಮದಿಯಾಗಿ ಮನೆಗೆ ಕಳಿಸಬಹುದು. ನಮ್ಮ ಅಮ್ಮನ ಮನೆಯಲ್ಲಿ ಸಿಕ್ಕಿದ್ದು ಆರು ವರ್ಷದ ಹಿಂದಿನ ಒಂದು ಎಕ್ಸ್‌ರೇ. ಅದರಲ್ಲಿ ಗಂಟು ಕಾಣಲಿಲ್ಲ. ಇಲ್ಲಿ ಜನ ಬೇಗ ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ. 1 ಸೆಂಟಿಮೀಟರಿಗಿಂತ ಚಿಕ್ಕ ಗಂಟು ಎಕ್ಸ್‌ರೇಯಲ್ಲಿ ಪಕ್ಕೆಲುಬಿನ ಹಿಂದೆ, ಕೊರಳೆಲುಬಿನ ಹಿಂದೆ ಸುಲಭವಾಗಿ ಮರೆಯಾಗುತ್ತದೆ. ಎಕ್ಸ್‌ರೇಯಲ್ಲಿ ಕಂಡಿದ್ದರೆ ಅದು ದೊಡ್ಡ ಸಾಕ್ಷಿ. ಕಾಣದೇ ಇದ್ದರೆ ಅದರಿಂದ ಏನೂ ಹೇಳಲು ಬರುವುದಿಲ್ಲ.

ಆಮೇಲೆ ಬರುವುದು ಅಪಾಯದ ಅಂದಾಜು. ಅಮೆರಿಕದ ಮೇಯೋ ಕ್ಲಿನಿಕ್‌ನವರು 1997ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಇವತ್ತಿಗೂ ಅದು ಬಳಕೆಯಲ್ಲಿದೆ. ಅದು ಆರು ವಿಷಯ ಕೇಳುತ್ತದೆ: ವಯಸ್ಸು, ಧೂಮಪಾನ, ಹಿಂದೆ ಬೇರೆ ಕಡೆ ಕ್ಯಾನ್ಸರ್ ಆಗಿತ್ತಾ, ಗಂಟಿನ ಅಳತೆ, ಅಂಚು ಮುಳ್ಳಾಗಿದೆಯಾ, ಮೇಲಿನ ಹಾಲೆಯಲ್ಲಿದೆಯಾ. ನಮ್ಮ ಅಮ್ಮನ ವಿವರ ಹಾಕಿದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಸುಮಾರು 7 ಬರುತ್ತದೆ. ಅದೇ ಗಂಟಿಗೆ ಮುಳ್ಳಿನ ಅಂಚಿದ್ದಿದ್ದರೆ ಲೆಕ್ಕ 17ರ ಹತ್ತಿರ ಹೋಗುತ್ತಿತ್ತು. ಅಂಚಿಗೆ ಅಷ್ಟು ತೂಕ. ಗಡ್ಡೆ ಸುತ್ತಲಿನ ಶ್ವಾಸಕೋಶವನ್ನು ಎಳೆದುಕೊಳ್ಳುತ್ತಾ ಬೆಳೆಯುವಾಗ ಆ ಮುಳ್ಳುಗಳು ಮೂಡುತ್ತವೆ.

ಆದರೆ ಈ ಲೆಕ್ಕವನ್ನು ನಮ್ಮ ಊರಿಗೆ ತಂದಾಗ ಎರಡು ಕಡೆ ಎಡವುತ್ತದೆ. ಮೇಲಿನ ಹಾಲೆಯಲ್ಲಿದ್ದರೆ ಅದು ಅಂಕ ಜಾಸ್ತಿ ಕೊಡುತ್ತದೆ, ಆದರೆ ಟಿಬಿಗೂ ಅದೇ ಮೆಚ್ಚಿನ ಜಾಗ. ಹಾಗಾಗಿ ಇಲ್ಲಿ ಆ ಅಂಕವನ್ನು ಪೂರ್ತಿ ನಂಬಲು ಆಗುವುದಿಲ್ಲ. ಇನ್ನೊಂದು ಕಡೆ, ಸೌದೆ ಹೊಗೆಗೆ ಅದು ಒಂದಂಕವನ್ನೂ ಕೊಡುವುದಿಲ್ಲ. ಸಿಗರೇಟು ಸೇದಿದ್ದೀರಾ ಎಂದು ಕೇಳುತ್ತದೆ, ಒಲೆ ಊದಿದ್ದೀರಾ ಎಂದು ಕೇಳುವುದಿಲ್ಲ. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಹೆಚ್ಚಿನವರು ಒಂದು ದಿನವೂ ಸಿಗರೇಟು ಮುಟ್ಟಿದವರಲ್ಲ. ಆದ್ದರಿಂದ 7 ಅನ್ನುವ ಸಂಖ್ಯೆಯನ್ನು ನಾನು ತೀರ್ಪು ಎಂದು ತೆಗೆದುಕೊಳ್ಳುವುದಿಲ್ಲ. ಅಪಾಯ ತೀರಾ ಕಡಿಮೆಯೂ ಅಲ್ಲ, ತೀರಾ ಜಾಸ್ತಿಯೂ ಅಲ್ಲ, ನಡುವೆ ಎಲ್ಲೋ ಇದೆ ಎಂದಷ್ಟೇ ಓದಿಕೊಳ್ಳುತ್ತೇನೆ.

ಹೀಗೆ ಆಕಸ್ಮಿಕವಾಗಿ ಕಂಡ ಗಂಟುಗಳಿಗೆ ಜಗತ್ತಿನ ಬಹಳ ಕಡೆ ಬಳಸುವುದು ಎದೆಯ ಸ್ಕ್ಯಾನ್ ಓದುವ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ. 35 ವರ್ಷ ದಾಟಿದವರಿಗೆ, ಹಿಂದೆ ಕ್ಯಾನ್ಸರ್ ಇಲ್ಲದವರಿಗೆ, ರೋಗನಿರೋಧಕ ಶಕ್ತಿ ಸರಿಯಾಗಿರುವವರಿಗೆ ಅದು ಅನ್ವಯಿಸುತ್ತದೆ. ಗಟ್ಟಿ ಗಂಟು 6 ಮಿಲಿಮೀಟರಿಗಿಂತ ಚಿಕ್ಕದಿದ್ದು ಬೇರೆ ಅಪಾಯ ಇಲ್ಲದಿದ್ದರೆ ಮತ್ತೆ ಸಿಟಿಯೇ ಬೇಡ. 6ರಿಂದ 8 ಇದ್ದರೆ ಆರರಿಂದ ಹನ್ನೆರಡು ತಿಂಗಳಲ್ಲಿ ಒಮ್ಮೆ ನೋಡಿ. 8 ದಾಟಿದರೆ ಮೂರು ದಾರಿ: ಮೂರು ತಿಂಗಳಿಗೆ ಸಿಟಿ, ಅಥವಾ ಪೆಟ್ ಸಿಟಿ, ಅಥವಾ ಬಯಾಪ್ಸಿ. ನಮ್ಮ ಅಮ್ಮ ಈ ಮೂರು ದಾರಿ ಕೂಡುವಲ್ಲೇ ನಿಂತಿದ್ದಾರೆ.

ಮಗ ಕೇಳಿದ, "ಸರ್, ಬಯಾಪ್ಸಿ ಮಾಡಿದ್ರೆ ಗೊತ್ತಾಗುತ್ತಲ್ವಾ, ಮೂರು ತಿಂಗಳು ಯಾಕೆ ಕಾಯ್ಬೇಕು?" ನ್ಯಾಯವಾದ ಪ್ರಶ್ನೆ. ಪಕ್ಕೆಲುಬಿನ ನಡುವಿನಿಂದ ಸಿಟಿ ನೋಡುತ್ತಾ ಸೂಜಿ ಹಾಕಿದಾಗ ನೂರರಲ್ಲಿ ಸುಮಾರು 15 ಜನಕ್ಕೆ ಶ್ವಾಸಕೋಶದಿಂದ ಗಾಳಿ ಎದೆಗೂಡಿನೊಳಗೆ ಸೋರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಆದರೆ ಸೂಜಿ ಹಾಕಿಸಿಕೊಂಡ ನೂರರಲ್ಲಿ ಆರೇಳು ಜನಕ್ಕೆ ಎದೆಗೆ ಟ್ಯೂಬ್ ಹಾಕಿ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಉಸಿರಾಡಿದಂತೆಲ್ಲ 9 ಮಿಲಿಮೀಟರಿನ ಗಂಟು ಮೇಲೆ ಕೆಳಗೆ ಓಡಾಡುತ್ತದೆ, ಸೂಜಿ ಪಕ್ಕಕ್ಕೆ ಹೋಗಬಹುದು. ಕ್ಯಾನ್ಸರ್ ಸಾಧ್ಯತೆ ಇಷ್ಟು ಕಡಿಮೆ ಇರುವಾಗ ಕಾಲ ನಮಗೆ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತದೆ. ಗಂಟು ಬೆಳೆಯುತ್ತಾ ಇಲ್ಲವಾ ಅನ್ನುವುದು ಅದರ ಸ್ವಭಾವವನ್ನು ಬೇರೆ ಯಾವ ಗುರುತಿಗಿಂತಲೂ ಚೆನ್ನಾಗಿ ಹೇಳುತ್ತದೆ. ಇಂಥ ಗಂಟು ಮೂರು ತಿಂಗಳಲ್ಲಿ ಮೊದಲ ಹಂತ ದಾಟಿ ಕೈಮೀರಿ ಹೋಗುವುದು ತುಂಬಾ ಅಪರೂಪ.

ಇದೇ ಹೊತ್ತಿನಲ್ಲಿ ನಮ್ಮಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. ಅಣ್ಣನಿಗೆ ಟಿಬಿ ಇತ್ತು, ಗಂಟು ಮೇಲ್ಗಡೆ ಇದೆ, ಸುಮ್ನೆ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟು ನೋಡೋಣ ಎಂದು. ಇದಕ್ಕೆ ನನ್ನ ವಿರೋಧ ಇದೆ, ಜೋರಾಗಿಯೇ ಇದೆ. ಕಫದಲ್ಲಿ ಅಥವಾ ಗಂಟಿನ ಸ್ಯಾಂಪಲ್ಲಿನಲ್ಲಿ ಟಿಬಿಗೆ ಸಾಕ್ಷಿ ಸಿಗದೇ ಮಾತ್ರೆ ಶುರುಮಾಡಿದರೆ, ಆ ಆರು ತಿಂಗಳು ಎಲ್ಲರೂ ಗುಣವಾಗುತ್ತಿದೆ ಎಂಬ ನಂಬಿಕೆಯಲ್ಲಿ ಇರುತ್ತಾರೆ. ಮಧ್ಯೆ ಸಿಟಿ ಮಾಡಿಸುವ ನೆನಪೇ ಇರುವುದಿಲ್ಲ. ಟಿಬಿ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕ್ಯಾನ್ಸರ್ ಹರಡಿದ ಮೇಲೆ ಬರುವವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಮಾಂಟೂ ಚರ್ಮ ಪರೀಕ್ಷೆ ಪಾಸಿಟಿವ್ ಬಂತು ಅನ್ನುವುದೂ ಸಾಲದು. ನಮ್ಮಲ್ಲಿ ಎಂದೋ ಟಿಬಿ ಕೀಟಾಣು ತಗುಲಿದವರು ಕೋಟಿಗಟ್ಟಲೆ ಇದ್ದಾರೆ. ಆ ಪರೀಕ್ಷೆ ಕೀಟಾಣು ತಗುಲಿದ್ದನ್ನು ಹೇಳುತ್ತದೆಯೇ ಹೊರತು ಈ ಗಂಟು ಏನೆಂದು ಹೇಳುವುದಿಲ್ಲ.

ಸರಿ, ಮೂರು ತಿಂಗಳಾಯಿತು. ಅಮ್ಮ ಮತ್ತೆ ಸಿಟಿ ಮಾಡಿಸಿದರು. ಈ ಸಲ ಲೋ ಡೋಸ್ ಸಿಟಿ. ವಿಕಿರಣದ ಭಯ ಇರುವವರಿಗೆ ಹೇಳುತ್ತೇನೆ, ಇಂಥ ಒಂದು ಸಿಟಿಯಲ್ಲಿ ಸಿಗುವುದು ಸುಮಾರು 1.5 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಒಂದು ವರ್ಷದಲ್ಲಿ ನಮಗೆಲ್ಲ ಸಿಗುವುದು ಸರಾಸರಿ 2.4. ಈಗ ಗಂಟು 11 ಮಿಲಿಮೀಟರ್.

ಇಲ್ಲಿ ಸ್ವಲ್ಪ ನಿಲ್ಲಬೇಕು. "ಎರಡೇ ಮಿಲಿಮೀಟರ್ ತಾನೇ?" ಅನ್ನಿಸುತ್ತದೆ. ಅದಕ್ಕೆ ಎರಡು ಉತ್ತರ ಇವೆ, ಎರಡೂ ಬೇಕು.

ಮೊದಲನೆಯದು ಎಚ್ಚರಿಕೆ. ಒಂದೇ ಗಂಟನ್ನು ಒಂದೇ ದಿನ ಇಬ್ಬರು ಅಳೆದರೂ ಒಂದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸ ಬರಬಹುದು. ಒಬ್ಬರು ಉದ್ದ ಮಾತ್ರ ಅಳೆಯುತ್ತಾರೆ, ಇನ್ನೊಬ್ಬರು ಉದ್ದ ಅಗಲದ ಸರಾಸರಿ ಹಾಕುತ್ತಾರೆ. ಸಿಟಿ ಶ್ವಾಸಕೋಶವನ್ನು ಹೋಳು ಹೋಳಾಗಿ ತೋರಿಸುತ್ತದೆ. ಮೊದಲ ಸಿಟಿಯಲ್ಲಿ 5 ಮಿಲಿಮೀಟರ್ ದಪ್ಪದ ಹೋಳುಗಳು, ಎರಡನೆಯದರಲ್ಲಿ 1 ಮಿಲಿಮೀಟರಿನವು ಎಂದಾದರೆ ಬೆಳೆಯದ ಗಂಟೂ ಬೆಳೆದಂತೆ ಕಾಣುತ್ತದೆ. ಪೂರ್ತಿ ಉಸಿರು ಎಳೆದುಕೊಳ್ಳದೆ ಸಿಟಿ ತೆಗೆಸಿದರೂ ಅಳತೆ ಆಚೀಚೆ ಆಗುತ್ತದೆ. ಅದಕ್ಕೇ 2 ಮಿಲಿಮೀಟರಿಗಿಂತ ಕಡಿಮೆ ಬದಲಾವಣೆಯನ್ನು ನಾವು ಬೆಳವಣಿಗೆ ಎಂದು ಒಪ್ಪುವುದಿಲ್ಲ. ಅಮ್ಮನ ಗಂಟು ಸರಿಯಾಗಿ ಆ ಗಡಿಯ ಮೇಲಿದೆ. ಹಾಗಾಗಿ ರೇಡಿಯಾಲಜಿಸ್ಟ್ ಜೊತೆ ಕೂತು ಎರಡೂ ಸಿಟಿಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ದಪ್ಪದ ಹೋಳಿನಲ್ಲಿ, ಒಬ್ಬರ ಕೈಯಿಂದಲೇ ಮತ್ತೆ ಅಳೆಸಿದೆವು. 9 ಒಂಬತ್ತೇ, 11 ಹನ್ನೊಂದೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ಎರಡನೇ ಸಲ ಬರುವಾಗ ರಿಪೋರ್ಟಿನ ಹಾಳೆ ಮಾತ್ರ ತಂದರೆ ಈ ಕೆಲಸ ಆಗುವುದಿಲ್ಲ. ಮೊದಲ ಸಿಟಿಯ ಸಿಡಿ ಬೇಕು. ಆದಷ್ಟು ಅದೇ ಸೆಂಟರಿನಲ್ಲೇ ಮಾಡಿಸಿ.

ಎರಡನೆಯ ಉತ್ತರ ಗಣಿತ. ಗಂಟು ಚೆಂಡಿನ ಆಕಾರದ್ದು. ಅದರ ಅಡ್ಡಳತೆ ಸ್ವಲ್ಪ ಹೆಚ್ಚಿದರೂ ಗಾತ್ರ ಬಹಳ ಹೆಚ್ಚುತ್ತದೆ, ಯಾಕೆಂದರೆ ಅದು ಮೂರೂ ದಿಕ್ಕಿಗೆ ಬೆಳೆಯುತ್ತದೆ. 9 × 9 × 9 ಅಂದರೆ 729. 11 × 11 × 11 ಅಂದರೆ 1331. ಅಂದರೆ ಮೂರು ತಿಂಗಳಲ್ಲಿ ಗಂಟಿನ ಗಾತ್ರ ನೂರಕ್ಕೆ 83ರಷ್ಟು ಹೆಚ್ಚಿತು. 10 ಮಿಲಿಮೀಟರಿನ ಗಂಟು ಎರಡರಷ್ಟಾಗಲು 20 ಮುಟ್ಟಬೇಕಿಲ್ಲ, 12.6 ಆದರೆ ಸಾಕು. ಗಾತ್ರ ಎರಡರಷ್ಟಾಗಲು ಹಿಡಿಯುವ ದಿನಗಳನ್ನು ನಾವು ದುಪ್ಪಟ್ಟಿನ ಅವಧಿ ಅನ್ನುತ್ತೇವೆ. ಅಮ್ಮನ ಗಂಟಿಗೆ ಅದು ಸುಮಾರು 104 ದಿನ.

ಈ ಒಂದು ಸಂಖ್ಯೆ ತುಂಬಾ ಹೇಳುತ್ತದೆ. ಗಟ್ಟಿ ಗಂಟಿನ ರೂಪದ ಕ್ಯಾನ್ಸರ್‌ಗಳು ಬಹುಪಾಲು 20ರಿಂದ 400 ದಿನದೊಳಗೆ ದುಪ್ಪಟ್ಟಾಗುತ್ತವೆ. 20 ದಿನಕ್ಕಿಂತ ಬೇಗ ದುಪ್ಪಟ್ಟಾದರೆ ಅದು ಹೆಚ್ಚಾಗಿ ಸೋಂಕು. ಎರಡು ವರ್ಷ ಅಲುಗಾಡದೇ ಕೂತರೆ ಅದು ಹೆಚ್ಚುಕಡಿಮೆ ನಿರಪಾಯ. 104 ಕ್ಯಾನ್ಸರ್‌ನ ವ್ಯಾಪ್ತಿಯ ನಡುವೆಯೇ ಬರುತ್ತದೆ. ಟಿಬಿಯ ಗಂಟೂ ಈ ವೇಗದಲ್ಲಿ ಬೆಳೆಯಬಹುದು ಅನ್ನುವುದು ನಿಜ. ಆದರೆ ಎರಡರಲ್ಲಿ ಯಾವುದೇ ಆಗಿದ್ದರೂ ಇನ್ನು ಕಾಯುವುದರಿಂದ ಲಾಭವಿಲ್ಲ. ಮೇಯೋ ಲೆಕ್ಕಕ್ಕೆ 11 ಮಿಲಿಮೀಟರ್ ಎಂದು ಹಾಕಿದರೆ ಈಗಲೂ ನೂರಕ್ಕೆ 8 ಚಿಲ್ಲರೆ ಅನ್ನುತ್ತದೆ, ಯಾಕೆಂದರೆ ಬೆಳವಣಿಗೆಯನ್ನು ಅದು ಕೇಳುವುದೇ ಇಲ್ಲ. ಆ ಹೊತ್ತಿಗೆ ಲೆಕ್ಕವನ್ನು ಬದಿಗಿಡಬೇಕು.

ಪೆಟ್ ಸಿಟಿ ಮಾಡಿಸಿದೆವು. ಸಕ್ಕರೆಯನ್ನು ಜಾಸ್ತಿ ಹೀರುವ ಜಾಗ ಅದರಲ್ಲಿ ಹೊಳೆಯುತ್ತದೆ. ಗಂಟು ಮಿತವಾಗಿ ಹೊಳೆಯಿತು, ಬೇರೆಲ್ಲೂ ಏನೂ ಇಲ್ಲ. ನಮ್ಮ ದೇಶದಲ್ಲಿ ಪೆಟ್ ಹೊಳೆದ ಮಾತ್ರಕ್ಕೆ ಕ್ಯಾನ್ಸರ್ ಅನ್ನುವ ಹಾಗಿಲ್ಲ. ಚುರುಕಾಗಿರುವ ಟಿಬಿಯೂ ಅಷ್ಟೇ ಹೊಳೆಯುತ್ತದೆ. ಹೊಳೆಯದಿದ್ದ ಮಾತ್ರಕ್ಕೆ ಅಲ್ಲ ಅನ್ನುವ ಹಾಗೂ ಇಲ್ಲ. ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳು ಸುಮ್ಮನೇ ಇರುತ್ತವೆ, 8 ಮಿಲಿಮೀಟರಿಗಿಂತ ಚಿಕ್ಕ ಗಂಟನ್ನು ಅದು ಸರಿಯಾಗಿ ಹಿಡಿಯುವುದೂ ಇಲ್ಲ. ನಾನು ಪೆಟ್ ಮಾಡಿಸಿದ್ದು ಗಂಟಿಗೆ ಹೆಸರಿಡಲು ಅಲ್ಲ. ಇದು ಕ್ಯಾನ್ಸರ್ ಆಗಿದ್ದರೆ ಎಲ್ಲಿಗಾದರೂ ಹೋಗಿದೆಯಾ ಎಂದು ತಿಳಿಯಲು.

ಹೆಸರಿಡಲು ಸೂಜಿಯೇ ಬೇಕು. "ಚುಚ್ಚಿದ್ರೆ ಹರಡಿಬಿಡುತ್ತೆ" ಎಂದು ಅತ್ತಿಗೆ ಹೆದರಿಸಿದ್ದರಂತೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಬೇರೂರುವುದು ತೀರಾ ಅಪರೂಪ. ಆ ಭಯಕ್ಕೆ ಬಯಾಪ್ಸಿ ಬಿಟ್ಟರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು. ಗಂಟು ಶ್ವಾಸಕೋಶದ ಹೊರಅಂಚಿಗೆ ಹತ್ತಿರ ಇದ್ದದ್ದರಿಂದ ಎದೆಯ ಹೊರಗಿನಿಂದ ಸೂಜಿ ಹಾಕುವುದೇ ಸರಿಯಾದ ದಾರಿ. ನಡುವಿನ ದೊಡ್ಡ ಶ್ವಾಸನಾಳದ ಪಕ್ಕ ಇದ್ದಿದ್ದರೆ ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಇರುವ ಕೊಳವೆ ಇಳಿಸುವುದನ್ನು ಯೋಚಿಸುತ್ತಿದ್ದೆವು. ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ ಎಂದು ಮೊದಲೇ ಕೇಳಿಕೊಂಡೆವು. ಸೂಜಿ ಹಾಕಿ ಕೆಲವು ಗಂಟೆ ಕಳೆದ ಮೇಲೆ ಗಾಳಿ ಸೋರಿಲ್ಲ ಎಂದು ಎಕ್ಸ್‌ರೇ ತೆಗೆದು ಖಚಿತಪಡಿಸಿಕೊಂಡೆವು.

ಈಗ ಹೇಳುವುದು ತುಂಬಾ ಸಣ್ಣ ವಿಷಯ, ಆದರೆ ಇಲ್ಲಿ ಎಷ್ಟೋ ಕೇಸು ಕೆಡುತ್ತದೆ. ಸೂಜಿಯಿಂದ ಬಂದ ದಾರದಂಥ ತುಣುಕುಗಳನ್ನು ಎರಡು ಡಬ್ಬಿಗೆ ಹಂಚಬೇಕು. ಒಂದರಲ್ಲಿ ಫಾರ್ಮಲಿನ್, ಅದು ಪೆಥಾಲಜಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅದು ಟಿಬಿ ಪರೀಕ್ಷೆಗೆ, ಅಂದರೆ ಸಿಬಿನ್ಯಾಟ್ ಮತ್ತು ಕಲ್ಚರ್‌ಗೆ. ಅವಸರದಲ್ಲಿ ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಟಿಬಿ ಕೀಟಾಣು ಸಾಯುತ್ತದೆ, ಕಲ್ಚರ್‌ನಲ್ಲಿ ಬೆಳೆಯುವ ಮಾತೇ ಇಲ್ಲ. ಆಮೇಲೆ ಅದಕ್ಕಾಗಿಯೇ ಇನ್ನೊಮ್ಮೆ ಚುಚ್ಚಬೇಕು. ಬಯಾಪ್ಸಿಗೆ ಹೋಗುವವರು "ಟಿಬಿ ಕಲ್ಚರ್‌ಗೂ ಕಳಿಸ್ತೀರಾ?" ಎಂದು ಮೊದಲೇ ಒಂದು ಮಾತು ಕೇಳಿ. ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪೆಥಾಲಜಿ ರಿಪೋರ್ಟ್ ಬಂತು: ದೀರ್ಘಕಾಲದ ಉರಿಯೂತ ಇದೆ, ಕ್ಯಾನ್ಸರ್ ಕಣ ಕಂಡಿಲ್ಲ. ಸಿಬಿನ್ಯಾಟ್ ನೆಗೆಟಿವ್. ಮನೆಯವರಿಗೆ ಹೋದ ಜೀವ ಬಂದ ಹಾಗಾಯಿತು, ಸಿಹಿ ತಂದಿದ್ದರು. ಆ ಸಂತೋಷಕ್ಕೆ ಅಡ್ಡ ಬರುವುದು ಕಷ್ಟ. ಆದರೂ ಹೇಳಲೇಬೇಕಾಯಿತು, ಇದು ಉತ್ತರ ಅಲ್ಲ ಎಂದು.

ನೆಗೆಟಿವ್‌ನಲ್ಲಿ ಎರಡು ಬಗೆ ಇದೆ. "ಇದು ಹ್ಯಾಮಾರ್ಟೋಮಾ" ಅಥವಾ "ಇದು ಟಿಬಿಯ ಗ್ರ್ಯಾನ್ಯುಲೋಮಾ, ಕೀಟಾಣು ಸಿಕ್ಕಿದೆ" ಎಂದು ಹೆಸರಿಟ್ಟು ಹೇಳಿದರೆ ಅದನ್ನು ನಂಬಬಹುದು. ಟಿಬಿಗೆ ಮಾತ್ರೆ ಶುರುಮಾಡಿ, ಗಂಟು ಕರಗುತ್ತಿದೆಯಾ ಎಂದು ಸಿಟಿಯಲ್ಲಿ ನೋಡುತ್ತೇವೆ. ಆದರೆ "ಉರಿಯೂತ" ಅನ್ನುವುದು ಕ್ಯಾನ್ಸರ್‌ನ ಅಂಚಿಗೆ ತಗುಲಿದ ಸೂಜಿಗೂ ಸಿಗುತ್ತದೆ. 104 ದಿನಕ್ಕೆ ದುಪ್ಪಟ್ಟಾಗುವ ಗಂಟಿಗೂ ಹೆಸರಿಡದ ಈ ಉತ್ತರಕ್ಕೂ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಮತ್ತೆ ಸ್ಯಾಂಪಲ್ ತೆಗೆಯಬೇಕು, ಇಲ್ಲವೇ ಗಂಟನ್ನೇ ತೆಗೆಯಬೇಕು. ಅಮ್ಮನ ಉಸಿರಿನ ಪರೀಕ್ಷೆ ಚೆನ್ನಾಗಿತ್ತು, ಹೃದಯ ಚೆನ್ನಾಗಿತ್ತು. ಸರ್ಜನ್ ಜೊತೆ ಕೂತು ಮಾತಾಡಿ ಎರಡನೆಯದನ್ನು ಆರಿಸಿಕೊಂಡೆವು. ಉಸಿರು ಕಮ್ಮಿ ಇದ್ದಿದ್ದರೆ, ವಯಸ್ಸು ಎಂಬತ್ತು ದಾಟಿದ್ದರೆ, ಇನ್ನೊಮ್ಮೆ ಸೂಜಿಯನ್ನೇ ಹಾಕಿಸುತ್ತಿದ್ದೆ.

ಸಣ್ಣ ರಂಧ್ರಗಳ ಮೂಲಕ ಗಂಟಿರುವ ತುಂಡನ್ನಷ್ಟೇ ಕತ್ತರಿಸಿ ತೆಗೆದು, ರೋಗಿ ಆಪರೇಷನ್ ಟೇಬಲ್ ಮೇಲೆ ಇರುವಾಗಲೇ ಫ್ರೋಜನ್ ಸೆಕ್ಷನ್‌ಗೆ, ಅಂದರೆ ತುಣುಕನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆಗೆ ಕಳಿಸುತ್ತಾರೆ. ಸುಮಾರು ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಅಡೆನೊಕಾರ್ಸಿನೋಮಾ ಎಂದು ಬಂತು, ಅಂದರೆ ಒಂದು ಬಗೆಯ ಕ್ಯಾನ್ಸರ್. ಅದೇ ಅರಿವಳಿಕೆಯಲ್ಲಿ ಮೇಲಿನ ಹಾಲೆಯ ಸಂಬಂಧಪಟ್ಟ ಭಾಗ ಮತ್ತು ದುಗ್ಧರಸ ಗ್ರಂಥಿಗಳನ್ನು ತೆಗೆದು ಮುಗಿಸಿದರು. ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಅಂದರೆ ಮೊದಲ ಹಂತ. ಈ ಹಂತದಲ್ಲಿ ಆಪರೇಷನ್ ಆದವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಕಾದ ಆ ಮೂರು ತಿಂಗಳು ಅವರಿಂದ ಇದನ್ನು ಕಿತ್ತುಕೊಳ್ಳಲಿಲ್ಲ. ಉರಿಯೂತ ಎಂಬ ಮಾತು ನಂಬಿ ಇನ್ನೊಂದು ವರ್ಷ ಬಿಟ್ಟಿದ್ದರೆ, ಅದೇ ವೇಗದಲ್ಲಿ ಗಾತ್ರ ಹತ್ತು ಪಟ್ಟು ದಾಟುತ್ತಿತ್ತು.

ಕೊನೆಗೆ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. "ನನ್ನ ಗಂಟು ಎರಡು ವರ್ಷದಿಂದ ಹಾಗೇ ಇದೆ. ಇನ್ನು ಸಿಟಿ ಬೇಡ ತಾನೇ?"

ರಿಪೋರ್ಟಿನಲ್ಲಿ ಗಟ್ಟಿ ಗಂಟು ಎಂದಿದೆಯಾ, ಗ್ರೌಂಡ್ ಗ್ಲಾಸ್ ಎಂದಿದೆಯಾ ಎಂದು ಕೇಳಿದೆ. ಗ್ರೌಂಡ್ ಗ್ಲಾಸ್ ಎಂದಿದೆಯಂತೆ. ಅಂದರೆ ಮಂಜು ಕವಿದಂತೆ ತೆಳುವಾಗಿ ಕಾಣುವ, ಒಳಗಿನ ರಕ್ತನಾಳಗಳು ಮರೆಯಾಗದ ಚುಕ್ಕೆ. ಎರಡು ವರ್ಷದ ನಿಯಮ ಗಟ್ಟಿ ಗಂಟಿನದು, ಇದಕ್ಕೆ ಅದು ಸಾಲದು. ಇದರಲ್ಲಿ ಕ್ಯಾನ್ಸರ್ ಇದ್ದರೆ ಅದು ಬಹಳ ನಿಧಾನ, ದುಪ್ಪಟ್ಟಾಗಲು ಎರಡು ಮೂರು ವರ್ಷವೇ ಹಿಡಿಯಬಹುದು. ಅದಕ್ಕೆ 6 ಮಿಲಿಮೀಟರ್ ಮುಟ್ಟಿದ ಗ್ರೌಂಡ್ ಗ್ಲಾಸ್ ಗಂಟನ್ನು ಮೊದಲು ಆರರಿಂದ ಹನ್ನೆರಡು ತಿಂಗಳಲ್ಲಿ, ಆಮೇಲೆ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ನೋಡುತ್ತೇವೆ. ಅಲ್ಲಿ ಅಡ್ಡಳತೆಗಿಂತ ಒಳಗೆ ಗಟ್ಟಿ ಭಾಗ ಹುಟ್ಟುತ್ತಿದೆಯಾ ಅನ್ನುವುದು ಮುಖ್ಯ. ಆ ಗಟ್ಟಿ ಭಾಗ ಕಂಡು 6 ಮಿಲಿಮೀಟರ್ ಮುಟ್ಟಿತು ಅಂದರೆ, ಗಂಟಿನ ಒಟ್ಟು ಅಳತೆ ಎಷ್ಟೇ ಇರಲಿ, ಪೆಟ್, ಬಯಾಪ್ಸಿ ಅಥವಾ ಸರ್ಜನ್ ಬಳಿ ಹೋಗುವ ಹೊತ್ತು ಬಂತು. ಅವರ ಮುಂದಿನ ಸಿಟಿಯ ತಾರೀಖನ್ನು ಅಲ್ಲೇ ಅವರ ಮಗಳ ಫೋನಿನಲ್ಲಿ ಗುರುತು ಹಾಕಿಸಿದೆ.